ತೂಕದ ಕಲ್ಲಿನಿಂದ ಕೆಪಾಸಿಟರ್‌ವರೆಗೆ: ಎಡಿಸಿ ನಡೆದುಬಂದ ದಾರಿ

ಕಲ್ಲುಗಳನ್ನು ತಕ್ಕಡಿಯ ಒಂದೇ ತಟ್ಟೆಯಲ್ಲಿಟ್ಟು ಒಂದರಿಂದ ನಲವತ್ತು ಪೌಂಡ್‌ವರೆಗೆ ಯಾವ ತೂಕವನ್ನಾದರೂ ತೂಗಲು ಕನಿಷ್ಠ ಎಷ್ಟು ಕಲ್ಲು ಬೇಕು? ಇಟಲಿಯ ಗಣಿತಜ್ಞ ಟಾರ್ಟಾಲಿಯಾ 1556ರಲ್ಲಿ ಕೊಟ್ಟ ಉತ್ತರ 1, 2, 4, 8, 16, 32. ಸಕ್ಸೆಸಿವ್ ಅಪ್ರಾಕ್ಸಿಮೇಷನ್ ಎಡಿಸಿ ಇಂದಿಗೂ ಹೀಗೇ ತೂಗುತ್ತದೆ. ವ್ಯತ್ಯಾಸವೆಂದರೆ ಅದರ ಕಲ್ಲುಗಳು ವೋಲ್ಟೇಜುಗಳು, ತಕ್ಕಡಿ ಒಂದು ಕಂಪ್ಯಾರೇಟರ್.

1940ರ ದಶಕದಲ್ಲಿ ಬೆಲ್ ಲ್ಯಾಬ್ಸ್ ಮಾತನ್ನು ಅಂಕಿಗಳಾಗಿಸಿ ಕಳಿಸುವ ಪ್ರಯೋಗಗಳಲ್ಲಿ ಈ ವಿಧಾನವನ್ನು ಬಳಸಿತು. 1954ರಲ್ಲಿ ಬರ್ನಾರ್ಡ್ ಗೋರ್ಡನ್ ಎಪ್ಸ್ಕೋ ಕಂಪನಿಯಿಂದ ತಂದ 'ಡಾಟ್ರಾಕ್' 11 ಬಿಟ್‌ಗಳ ವ್ಯಾಕ್ಯೂಮ್ ಟ್ಯೂಬ್ ಯಂತ್ರ. ಅದರ ತೂಕ ಸುಮಾರು 68 ಕಿಲೋ, ಅದು ನುಂಗುತ್ತಿದ್ದ ವಿದ್ಯುತ್ತು 500 ವಾಟ್. ಅದರಲ್ಲಿದ್ದ ಸ್ಯಾಂಪಲ್ ಅಂಡ್ ಹೋಲ್ಡ್ ಭಾಗವನ್ನು ಮರೆಯಬಾರದು. ತೂಗುವ ನಡುವೆ ವೋಲ್ಟೇಜ್ ಬದಲಾದರೆ, ಮೊದಲು ಇಟ್ಟ ದೊಡ್ಡ ಕಲ್ಲಿನ ತೀರ್ಪು ತಪ್ಪಾಗುತ್ತದೆ. ಮಾಮೂಲಿ ಎಡಿಸಿಯಲ್ಲಿ ಆ ತಪ್ಪನ್ನು ಮುಂದಿನ ಸಣ್ಣ ಕಲ್ಲುಗಳು ಸರಿಪಡಿಸಲಾರವು. 1975ರಲ್ಲಿ ಬರ್ಕ್ಲಿಯ ಮೆಕ್‌ಕ್ರಿಯರಿ ಮತ್ತು ಪಾಲ್ ಗ್ರೇ ಕಲ್ಲುಗಳ ಜಾಗಕ್ಕೆ ಕೆಪಾಸಿಟರ್‌ಗಳನ್ನು ತಂದರು. ವೋಲ್ಟೇಜನ್ನು ಹಿಡಿದಿಡುವ ಕೆಲಸವನ್ನೂ ಅವೇ ವಹಿಸಿಕೊಂಡವು. ಹೀಗೆ ಇಡೀ ಯಂತ್ರ ಚಿಪ್‌ನ ಒಂದು ಮೂಲೆ ಸೇರಿತು.

ಆರ್ಡುಯಿನೋ ಊನೋ ಆರ್3ರಲ್ಲಿರುವುದು ಇಂಥದೇ 10 ಬಿಟ್ ಎಡಿಸಿ. ಅದಕ್ಕೆ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಎಲ್‌ಎಂ35 ಸೆನ್ಸರ್ ಜೋಡಿಸಿದ್ದೇವೆ, ನಮಗೆ 0.1 ಡಿಗ್ರಿಯ ವಿವರ ಬೇಕು ಎಂದುಕೊಳ್ಳಿ. ರೆಫರೆನ್ಸ್ 5 ವೋಲ್ಟ್ ಇದ್ದರೆ ಅದು 1024 ಮೆಟ್ಟಿಲಾಗಿ ಒಡೆಯುತ್ತದೆ. ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ಅಂದರೆ ಅರ್ಧ ಡಿಗ್ರಿ. ನಮಗೆ ಬೇಕಾದದ್ದು 1 ಮಿಲಿವೋಲ್ಟ್, ಅಂದರೆ 5000 ಮೆಟ್ಟಿಲು. 12 ಬಿಟ್ ಕೊಡುವುದು 4096 ಮಾತ್ರ, ಹಾಗಾಗಿ 13 ಬಿಟ್ ಬೇಕು. ಆದರೆ ಹೊಸ ಚಿಪ್ ಕೊಳ್ಳುವ ಮೊದಲು ರೆಫರೆನ್ಸನ್ನು ನೋಡಬೇಕು. ಒಳಗಿನ 1.1 ವೋಲ್ಟ್ ರೆಫರೆನ್ಸ್ ಆರಿಸಿದರೆ ಅದೇ 10 ಬಿಟ್‌ನಲ್ಲಿ ಮೆಟ್ಟಿಲು 1.07 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಅಳೆಯುವ ವ್ಯಾಪ್ತಿ ಸುಮಾರು 110 ಡಿಗ್ರಿಗೆ ನಿಲ್ಲುತ್ತದೆ, ಅಷ್ಟು ಸಾಕು.

ಈಗ 37 ಡಿಗ್ರಿ, ಅಂದರೆ 370 ಮಿಲಿವೋಲ್ಟ್ ಬಂತು. 512 ಇಟ್ಟರೆ 550 ಮಿಲಿವೋಲ್ಟ್, ಹೆಚ್ಚಾಯಿತು, ತೆಗೆ. 256 ಇಟ್ಟರೆ 275, ಇರಲಿ. 128 ಸೇರಿಸಿದರೆ ಮತ್ತೆ ಹೆಚ್ಚು. 64 ನಿಲ್ಲುತ್ತದೆ, 32 ಹೋಗುತ್ತದೆ, 16 ಮತ್ತು 8 ನಿಲ್ಲುತ್ತವೆ, ಉಳಿದ ಮೂರೂ ಹೋಗುತ್ತವೆ. ಹತ್ತು ಸಲ ತೂಗಿದ ಕೊನೆಗೆ ಸಿಕ್ಕ ಸಂಖ್ಯೆ 344, ಅಂದರೆ 369.5 ಮಿಲಿವೋಲ್ಟ್. ಉಳಿದ ಅರ್ಧ ಮಿಲಿವೋಲ್ಟೇ ಕ್ವಾಂಟೀಕರಣ ದೋಷ. ಅದು ಇಲ್ಲಿ ಒಂದು ಮೆಟ್ಟಿಲನ್ನು ಮೀರದು. ಓದಿಗೆ ಅರ್ಧ ಮೆಟ್ಟಿಲು ಕೂಡಿಸಿದರೆ ದೋಷ ಎರಡೂ ಕಡೆ ಅರ್ಧರ್ಧ ಹಂಚಿಹೋಗುತ್ತದೆ. ಸಂಕೇತ ಸಾಕಷ್ಟು ಏರಿಳಿಯುತ್ತಿದ್ದರೆ ಈ ದೋಷದ ಆರ್‌ಎಂಎಸ್ ಮೌಲ್ಯ ಮೆಟ್ಟಿಲನ್ನು √12ರಿಂದ ಭಾಗಿಸಿದಷ್ಟು. ಬೆಲ್ ಲ್ಯಾಬ್ಸ್‌ನ ಬೆನೆಟ್ 1948ರಲ್ಲೇ ಇದನ್ನು ವಿಶ್ಲೇಷಿಸಿದ್ದರು. ನಮ್ಮ ಲೆಕ್ಕದಲ್ಲಿ ಅದು 0.03 ಡಿಗ್ರಿ.

ಕಲ್ಲುಗಳೇ ಸರಿಯಿಲ್ಲದಿದ್ದರೆ ಈ ಲೆಕ್ಕ ಕೆಡುತ್ತದೆ. ದೊಡ್ಡ ಕೆಪಾಸಿಟರ್ ಉಳಿದವುಗಳ ಒಟ್ಟು ಮೊತ್ತಕ್ಕಿಂತ ಚಿಕ್ಕದಾದರೆ 511, 512ರ ಆಸುಪಾಸಿನ ಕೆಲವು ಸಂಖ್ಯೆಗಳು ಬರುವುದೇ ಇಲ್ಲ. ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಓದುಗಳನ್ನು ದಾಖಲಿಸಿದರೆ ಈ ಕಂದಕ ಕಾಣುತ್ತದೆ.

ಸೂಕ್ಷ್ಮತೆ ಬೇರೆ, ನಿಖರತೆ ಬೇರೆ. ಊನೋದ ಆ 1.1 ವೋಲ್ಟ್ ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಇರಬಹುದು. ಅಷ್ಟು ಸರಿದರೆ 37 ಡಿಗ್ರಿಯಲ್ಲಿ ಮೂರು ಡಿಗ್ರಿಗೂ ಹೆಚ್ಚು ತಪ್ಪು. ಆದ್ದರಿಂದ 16 ಬಿಟ್ ಎಡಿಸಿ ಕೊಳ್ಳುವ ಮೊದಲು ಒಳ್ಳೆಯ ಮಲ್ಟಿಮೀಟರ್ ಹಿಡಿದು ಆ ರೆಫರೆನ್ಸನ್ನು ಅಳೆದು, ಬಂದ ಸಂಖ್ಯೆಯನ್ನು ಪ್ರೋಗ್ರಾಂನಲ್ಲಿ ಬರೆಯಿರಿ.