ಶ್ರುತಿ ತಪ್ಪಿದರೂ ಲಯ ತಪ್ಪದ ಮಿದುಳು: ಅಮ್ಯೂಸಿಯಾ ಸಂಶೋಧನೆಯ ಹಾದಿ

1878ರಲ್ಲಿ ಗ್ರ್ಯಾಂಟ್ ಆಲೆನ್ ‘ಮೈಂಡ್’ ಪತ್ರಿಕೆಯಲ್ಲಿ ಮೂವತ್ತು ವಯಸ್ಸಿನ ಸುಶಿಕ್ಷಿತನೊಬ್ಬನ ವೃತ್ತಾಂತವನ್ನು ದಾಖಲಿಸಿದ. ಆ ವ್ಯಕ್ತಿಗೆ ಬಾಲ್ಯದಲ್ಲಿ ಸಂಗೀತ ಪಾಠವಾಗಿತ್ತು. ಮಿದುಳಿಗೆ ಪೆಟ್ಟು ಬಿದ್ದಿರಲಿಲ್ಲ. ಆದರೂ ಒಂದರ ಹಿಂದೆ ಒಂದು ನುಡಿಸಿದ ಎರಡು ಸ್ವರಗಳಲ್ಲಿ ಯಾವುದು ಮೇಲಿನದು ಎಂದು ಹೇಳಲಾರ, ಪರಿಚಿತ ಧಾಟಿಯನ್ನೂ ಗುರುತಿಸಲಾರ. ಹತ್ತು ವರ್ಷಗಳ ನಂತರ ಜರ್ಮನಿಯ ವೈದ್ಯ ಕ್ನೋಬ್ಲಾಖ್, ಮಿದುಳಿನ ಹಾನಿಯಿಂದ ಸಂಗೀತಶಕ್ತಿ ಕುಂದುವುದನ್ನು ಅಮ್ಯೂಸಿಯಾ ಎಂದು ವಿವರಿಸಿದ. ವಿದ್ವಾಂಸರ ಗಮನ ಬಹುಕಾಲ ಇಂಥ ರೋಗಿಗಳ ಮೇಲೆಯೇ ನಿಂತಿತು. ಹುಟ್ಟಿನಿಂದಲೇ ಬರುವ ಅಮ್ಯೂಸಿಯಾ ಕ್ರಮಬದ್ಧ ಪರೀಕ್ಷೆಗೆ ಒಳಗಾದದ್ದು ಮಾಂಟ್ರಿಯಲ್‌ನ ಇಸಬೆಲ್ ಪೆರೆಟ್ಜ್ ಮತ್ತು ಸಹೋದ್ಯೋಗಿಗಳಿಂದ, 2002ರಲ್ಲಿ.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು ಕ್ರಿಸ್ಟಾ ಹೈಡ್ ಮತ್ತು ಪೆರೆಟ್ಜ್ 2004ರಲ್ಲಿ ಪ್ರಕಟಿಸಿದ ಪ್ರಯೋಗ. ಹತ್ತು ಮಂದಿ ಅಮ್ಯೂಸಿಕರಿಗೆ ಒಂದೇ ಸ್ವರವನ್ನು ಸಮ ಅಂತರದಲ್ಲಿ ಐದು ಬಾರಿ ಕೇಳಿಸಿದರು. ಕೆಲವೊಮ್ಮೆ ನಾಲ್ಕನೆಯದರ ಸ್ಥಾಯಿ ತುಸು ಬದಲಾಗುತ್ತಿತ್ತು, ಇನ್ನು ಕೆಲವೊಮ್ಮೆ ಅದು ತುಸು ಮುಂಚೆಯೋ ತಡವಾಗಿಯೋ ಬರುತ್ತಿತ್ತು. ಬದಲಾವಣೆ ಆಯಿತೇ ಇಲ್ಲವೇ, ಅಷ್ಟೇ ಪ್ರಶ್ನೆ. ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರಕ್ಕಿಂತ ಕಡಿಮೆಯಾದ ಸ್ಥಾಯಿಭೇದವನ್ನು ಅವರು ಹಿಡಿಯಲು ಹೆಣಗಿದರು; ಅಭ್ಯಾಸದಿಂದಲೂ ಸುಧಾರಿಸಲಿಲ್ಲ. ಕಾಲದ ಏರುಪೇರನ್ನು ಮಾತ್ರ ಉಳಿದವರಷ್ಟೇ ಚೆನ್ನಾಗಿ ಗುರುತಿಸಿದರು. ಕಿವಿಯೇ ಮಂದವಾಗಿದ್ದರೆ, ಇಲ್ಲವೇ ಗಮನವೇ ಚದುರಿದ್ದರೆ, ಎರಡೂ ಕೆಡಬೇಕಿತ್ತು. ಶ್ರುತಿಗೂ ಲಯಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ ಎಂಬ ವಾದಕ್ಕೆ ಇದು ಬಲವಾದ ಆಧಾರ. ಆದರೆ ಆ ದಾರಿಗಳು ಪೂರ್ತಿ ದೂರದವೂ ಅಲ್ಲ: ಸ್ವರಗಳು ಏರಿಳಿಯುವ ಧಾಟಿಯಲ್ಲಿ ಲಯವನ್ನು ಹೋಲಿಸಲು ಹೇಳಿದಾಗ ಅಮ್ಯೂಸಿಕರು ಎಡವುತ್ತಾರೆಂದು 2006ರಲ್ಲಿ ಫಾಕ್ಸ್‌ಟನ್ ತಂಡ ತೋರಿಸಿತು.

ಹಾಗಾದರೆ ಸೂಕ್ಷ್ಮ ಸ್ಥಾಯಿಭೇದ ಅವರ ಮಿದುಳನ್ನು ಮುಟ್ಟುವುದೇ ಇಲ್ಲವೇ? 2009ರಲ್ಲಿ ಪೆರೆಟ್ಜ್ ತಂಡ ನೆತ್ತಿಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ಅಳೆದಾಗ ಉತ್ತರ ಅನಿರೀಕ್ಷಿತವಾಗಿತ್ತು. ಧಾಟಿಯಲ್ಲಿ ಒಂದು ಸ್ವರ ಆ ಮನೆ-ಮನೆ ಅಂತರದ ಅರ್ಧದಷ್ಟು ಜಾರಿದರೂ ಮಿದುಳು ಬೇಗನೆ ಪ್ರತಿಕ್ರಿಯಿಸುತ್ತಿತ್ತು, ಬಹುಮಟ್ಟಿಗೆ ಎಲ್ಲರ ಮಿದುಳಿನಂತೆಯೇ. ಕೇಳುಗರಿಗೆ ಮಾತ್ರ ಅದರ ಅರಿವಿರಲಿಲ್ಲ. ಮಿದುಳು ಹಿಡಿದದ್ದು ಪ್ರಜ್ಞೆಯವರೆಗೆ ತಲುಪುತ್ತಿಲ್ಲ. ಅದೇ ವರ್ಷ ಸೈಕೀ ಲುಯಿ ಮತ್ತು ಸಂಗಡಿಗರು, ಶ್ರವಣ ಪ್ರದೇಶವನ್ನು ಮಿದುಳಿನ ಮುಂಭಾಗಕ್ಕೆ ಜೋಡಿಸುವ ನರತಂತುಗಳ ಕಟ್ಟು ಇಂಥವರಲ್ಲಿ ಕೃಶವಾಗಿರುವುದನ್ನು ವರದಿ ಮಾಡಿದರು. ಎರಡೂ ಫಲಿತಾಂಶಗಳು ಒಂದಕ್ಕೊಂದು ಹೊಂದುತ್ತವೆ. ಆದರೆ ತಂತುಗಳ ಕೊರತೆ ಕಾರಣವೋ ಪರಿಣಾಮವೋ ಎಂಬುದನ್ನು ಚಿತ್ರಣವೊಂದೇ ತೀರ್ಮಾನಿಸಲಾರದು.

ಶ್ರುತಿ ಮತ್ತು ಲಯದ ದಾರಿಗಳು ಬೇರೆ ಎಂಬ ವಾದಕ್ಕೆ ಬೇಕಿದ್ದ ಇನ್ನೊಂದು ಬದಿ 2011ರಲ್ಲಿ ದೊರೆಯಿತು. ಇಪ್ಪತ್ತಮೂರರ ಯುವಕನೊಬ್ಬನಿಗೆ ಶ್ರುತಿಜ್ಞಾನ ಸರಿಯಾಗಿತ್ತು, ಹಾಡಿನ ತಾಳಕ್ಕೆ ಮೈ ಕುಣಿಸಲು ಮಾತ್ರ ಆಗುತ್ತಿರಲಿಲ್ಲ. ನರ್ತಕನೊಬ್ಬ ತಾಳ ತಪ್ಪಿದ್ದಾನೆಯೇ ಎಂದು ನೋಡಿ ಹೇಳುವುದೂ ಅವನಿಗೆ ಕಷ್ಟ, ಆದ್ದರಿಂದ ದೋಷ ಕೈಕಾಲುಗಳದ್ದಲ್ಲ. ಮೆಟ್ರೊನೋಮ್‌ನ ಬರಿಯ ಟಿಕ್‌ಟಿಕ್‌ಗೆ ಅವನು ಹೊಂದಿಕೊಳ್ಳಬಲ್ಲವನಾಗಿದ್ದ. ಸಂಗೀತದೊಳಗಿಂದ ತಾಳವನ್ನು ಹೆಕ್ಕಿ ತೆಗೆಯುವುದೇ ಅವನಿಗೆ ಒದಗದ ಕೆಲಸವಾಗಿತ್ತು.