ಗ್ರೈಬಾಕ್ ರೂಪ

ಸಂದರ್ಭಮುಕ್ತ ವ್ಯಾಕರಣದ ಈ ರೂಪಕ್ಕೆ ಹೆಸರು ಬಂದದ್ದು ಶೀಲಾ ಗ್ರೈಬಾಕ್ 1965ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಇದರಲ್ಲಿ ಪ್ರತಿ ನಿಯಮದ ಬಲಭಾಗ ಒಂದೇ ಒಂದು ಅಂತಿಮ ಸಂಕೇತದಿಂದ ಶುರುವಾಗುತ್ತದೆ; ನಂತರ ಬಂದರೆ ಬರುವುದು ಇನ್ನೂ ಬಿಡಿಸಬೇಕಾದ ಚಿಹ್ನೆಗಳು ಮಾತ್ರ. ನಿಯಮಗಳು `S → aSB`, `S → aB`, `B → b` ಎಂದಿರಲಿ. ಎಡತುದಿಯ ಚಿಹ್ನೆಯನ್ನೇ ಮೊದಲು ಬಿಡಿಸುತ್ತ ಹೋದರೆ `aabb` ಹೀಗೆ ಸಿಗುತ್ತದೆ:

```
S ⇒ aSB ⇒ aaBB ⇒ aabB ⇒ aabb
```

ನಾಲ್ಕು ಅಕ್ಷರ, ನಾಲ್ಕೇ ಹೆಜ್ಜೆ. ಪ್ರತಿ ಹೆಜ್ಜೆ ಒಂದು ಅಕ್ಷರವನ್ನು ಕೂಡಿಸುತ್ತದೆ, ಕೂಡಿದ್ದು ಅಳಿಯುವುದಿಲ್ಲ. ಆದ್ದರಿಂದ ಹೆಜ್ಜೆಗಳ ಸಂಖ್ಯೆ ಪದದ ಉದ್ದಕ್ಕೆ ಸಮವಾಗಲೇಬೇಕು. ಖಾಲಿ ಪದವನ್ನು ಈ ನಿಯಮಗಳು ಹುಟ್ಟಿಸಲಾರವು ಎಂಬ ಆಕ್ಷೇಪ ಸರಿಯೇ. ಅದಕ್ಕೆ ಆರಂಭ ಚಿಹ್ನೆಗೆ ಮಾತ್ರ `S → ε` ಎಂಬ ವಿನಾಯಿತಿ ಕೊಡುತ್ತಾರೆ, ಆಗ `S` ಯಾವ ಬಲಭಾಗದಲ್ಲೂ ಬರಕೂಡದು. ಹೆಜ್ಜೆಗಳ ಸಂಖ್ಯೆ ಮೊದಲೇ ಗೊತ್ತಿದೆ ಎಂದಾದರೆ, ಒಂದು ಪದ ಈ ನಿಯಮಗಳಿಂದ ಹುಟ್ಟುತ್ತದೆಯೇ ಎಂಬ ಪರೀಕ್ಷೆ ಸುಲಭವೇ? ಅಲ್ಲ. `a` ಕಂಡಾಗ `S`ನ ಎರಡೂ ನಿಯಮಗಳು ಹೊಂದುತ್ತವೆ. ಹೆಜ್ಜೆಗಳ ಎಣಿಕೆ ಖಚಿತ, ಆಯ್ಕೆ ಖಚಿತವಲ್ಲ.