ಮುಚ್ಚಿ ನೋಡುವ ಲೆಕ್ಕ: ಶೃಂಗೇರಿ, ಹೆವಿಸೈಡ್, ಆಯ್ಲರ್

ನಮ್ಮ ತಲಘಟ್ಟಪುರದ ಕಡೆ ಸಂಜೆಯ ಹೊತ್ತು ಪಾಠ ಹೇಳಿಸಿಕೊಳ್ಳಲು ಬರುವ ಪಿಯುಸಿ ವಿದ್ಯಾರ್ಥಿಗಳಲ್ಲಿ ಆಂಶಿಕ ಭಿನ್ನರಾಶಿಗಳ ವಿಷಯ ಬಂದಾಗಲೆಲ್ಲ ಒಂದು ಸಣ್ಣ ಜಗಳ ನಡೆಯುತ್ತದೆ. ಒಬ್ಬನು 'ಇದು ಹೆವಿಸೈಡ್ ವಿಧಾನ' ಎನ್ನುತ್ತಾನೆ. ಇನ್ನೊಬ್ಬನು 'ಅಲ್ಲ, ಇದು ವೇದಗಣಿತದ ಪರಾವರ್ತ್ಯ ಸೂತ್ರ, ನಮ್ಮ ಶೃಂಗೇರಿಯಲ್ಲಿಯೇ ಕಂಡುಹಿಡಿದದ್ದು' ಎನ್ನುತ್ತಾನೆ. ಇಬ್ಬರೂ ಮಾಡುವ ಲೆಕ್ಕ ಮಾತ್ರ ಒಂದೇ. ಈ ಎರಡು ಹೆಸರುಗಳ ಹಿಂದಿನ ಇತಿಹಾಸವನ್ನು ಕೊಂಚ ಬಿಡಿಸಿ ನೋಡೋಣವೆಂದು ಈ ಬರಹ.

ಮೊದಲು ಲೆಕ್ಕವೇನೆಂದು ನೋಡಿಕೊಳ್ಳೋಣ. ಕೆಳಗಿನ ಭಿನ್ನರಾಶಿಯನ್ನು ಮೂರು ಸರಳ ಭಿನ್ನರಾಶಿಗಳ ಮೊತ್ತವಾಗಿ ಬರೆಯಬೇಕಾಗಿದೆ.

(4x² − x + 1) / [(x − 1)(x − 2)(x + 3)] = A/(x − 1) + B/(x − 2) + C/(x + 3)

ಶಾಲಾ ಪುಸ್ತಕದ ರೂಢಿಯ ದಾರಿಯಲ್ಲಿ ಛೇದಗಳನ್ನೆಲ್ಲ ತೊಡೆದುಹಾಕಿ, ಬಲಭಾಗವನ್ನು ವಿಸ್ತರಿಸಿ, x², x ಮತ್ತು ಸ್ಥಿರಪದಗಳ ಸಹಗುಣಕಗಳನ್ನು ಹೋಲಿಸಬೇಕು. ಆಗ A + B + C = 4, A + 2B − 3C = −1, −6A − 3B + 2C = 1 ಎಂಬ ಮೂರು ಏಕಕಾಲಿಕ ಸಮೀಕರಣಗಳು ದೊರೆಯುತ್ತವೆ. ಅವುಗಳನ್ನು ಬಿಡಿಸುವುದರೊಳಗೆ ಅರ್ಧ ಪುಟ ತುಂಬಿರುತ್ತದೆ. ಎಲ್ಲಿಯಾದರೂ ಒಂದು ಋಣ ಚಿಹ್ನೆ ಜಾರಿದರೆ ಮೂರು ಉತ್ತರಗಳೂ ಕೆಡುತ್ತವೆ.

ಮುಚ್ಚಿ ನೋಡುವ ವಿಧಾನದಲ್ಲಿ ಸಮೀಕರಣಗಳೇ ಇಲ್ಲ. A ಬೇಕಾದರೆ ಎಡಭಾಗದ ಛೇದದಲ್ಲಿರುವ (x − 1) ಎಂಬ ಅಪವರ್ತನವನ್ನು ಬೆರಳಿನಿಂದ ಮುಚ್ಚಿಬಿಡಬೇಕು. ಆ ಅಪವರ್ತನವನ್ನು ಸೊನ್ನೆ ಮಾಡುವ ಬೆಲೆ x = 1. ಉಳಿದ ಭಾಗದಲ್ಲಿ ಅದನ್ನು ಆದೇಶಿಸಿದರೆ ಅಂಶವು 4 − 1 + 1 = 4, ಛೇದವು (−1)(4) = −4. ಆದುದರಿಂದ A = −1. ಹಾಗೆಯೇ (x − 2) ಅನ್ನು ಮುಚ್ಚಿ x = 2 ಎಂದಿಟ್ಟರೆ 15/5, ಅಂದರೆ B = 3. (x + 3) ಅನ್ನು ಮುಚ್ಚಿ x = −3 ಎಂದಿಟ್ಟರೆ 40/20, ಅಂದರೆ C = 2. ಒಂದು ಸಹಗುಣಕಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದಿರುವುದೇ ಇಲ್ಲಿನ ದೊಡ್ಡ ಅನುಕೂಲ. B ತಪ್ಪಿದರೂ A ಮತ್ತು C ಸರಿಯಾಗಿಯೇ ಇರುತ್ತವೆ.

ಇನ್ನು ಶೃಂಗೇರಿಯ ವಿಷಯಕ್ಕೆ ಬರೋಣ. 'ವೇದಗಣಿತ' ಎಂಬ ಪ್ರಸಿದ್ಧ ಗ್ರಂಥದ ಕರ್ತೃ ಭಾರತೀಕೃಷ್ಣ ತೀರ್ಥರು 1884ರಲ್ಲಿ ಜನಿಸಿದವರು. ಪೂರ್ವಾಶ್ರಮದ ಹೆಸರು ವೆಂಕಟರಾಮನ್. 1911ರಿಂದ ಕೆಲವು ವರ್ಷಗಳ ಕಾಲ ಶೃಂಗೇರಿಯಲ್ಲಿದ್ದು ವೇದಾಂತವನ್ನು ಅಧ್ಯಯನ ಮಾಡಿದರು. ಆ ಮಲೆನಾಡಿನ ಕಾಡುಗಳಲ್ಲಿ ಏಕಾಂತದಲ್ಲಿ ಕುಳಿತು ಮನನ ಮಾಡುವಾಗ ಹದಿನಾರು ಗಣಿತಸೂತ್ರಗಳು ತಮಗೆ ಗೋಚರವಾದವೆಂಬುದು ಅವರ ಹೇಳಿಕೆ. ಮುಂದೆ ಅವರು 1925ರಲ್ಲಿ ಪುರಿಯ ಗೋವರ್ಧನ ಮಠದ ಪೀಠಾಧಿಪತಿಗಳಾಗಿ, 1960ರಲ್ಲಿ ಕಾಲವಾದರು. ಗ್ರಂಥವು ಅಚ್ಚಾದದ್ದು ಅವರ ನಿಧನಾನಂತರ, 1965ರಲ್ಲಿ. ಅದರಲ್ಲಿನ ನಾಲ್ಕನೆಯ ಸೂತ್ರ 'ಪರಾವರ್ತ್ಯ ಯೋಜಯೇತ್'. 'ತಿರುಗಿಸಿ ಜೋಡಿಸು' ಎಂದು ಅದರ ಅರ್ಥ. ಆಂಶಿಕ ಭಿನ್ನರಾಶಿಗಳ ಪ್ರಕರಣದಲ್ಲಿ ಸ್ವಾಮಿಗಳು ಈ ಸೂತ್ರದ ಹೆಸರಿನಲ್ಲಿ ಮಾಡಿರುವುದು ನಾವು ಈಗ ಮಾಡಿದ ಕೆಲಸವನ್ನೇ. x − 1 ರಲ್ಲಿರುವ −1 ಅನ್ನು ತಿರುಗಿಸಿದರೆ +1. ಅದನ್ನು ಉಳಿದ ಭಾಗಕ್ಕೆ ಜೋಡಿಸಿದರೆ ಸಹಗುಣಕ. ಏಕಕಾಲಿಕ ಸಮೀಕರಣಗಳ ಗೊಡವೆಯಿಲ್ಲದೆ ಬಾಯಿಲೆಕ್ಕದಲ್ಲಿಯೇ ಮುಗಿಸಬಹುದೆಂದು ಅವರು ತೋರಿಸಿಕೊಟ್ಟಿದ್ದಾರೆ. ಆ ಮಾತು ನೂರಕ್ಕೆ ನೂರು ನಿಜ.

ನಿಜವಲ್ಲದಿರುವುದು ಇದು ವೇದದಿಂದ ಬಂತೆಂಬ ಭಾಗ. ಇದನ್ನು ಹೇಳಿದವರು ಯಾರೋ ಹೊರಗಿನ ವಿರೋಧಿಗಳಲ್ಲ. ಗ್ರಂಥದ ಪ್ರಧಾನ ಸಂಪಾದಕರಾಗಿದ್ದ ವಿದ್ವಾಂಸ ವಾಸುದೇವಶರಣ ಅಗ್ರವಾಲರೇ ತಮ್ಮ ಮುನ್ನುಡಿಯಲ್ಲಿ, ಈ ಸೂತ್ರಗಳು ನಮಗೆ ತಿಳಿದಿರುವ ಅಥರ್ವವೇದದ ಪರಿಶಿಷ್ಟಗಳಲ್ಲಿ ಕಾಣಸಿಗುವುದಿಲ್ಲವೆಂದು ಒಪ್ಪಿಕೊಂಡಿದ್ದಾರೆ. 1993ರಲ್ಲಿ ಗಣಿತಜ್ಞ ಎಸ್. ಜಿ. ದಾನಿಯವರು ಫ್ರಂಟ್‌ಲೈನ್ ಪತ್ರಿಕೆಯಲ್ಲಿ ಇದನ್ನೇ ವಿವರವಾಗಿ ಚರ್ಚಿಸಿದರು. ಬೀಜಾಕ್ಷರಗಳುಳ್ಳ ಛೇದ, ಬಹುಪದೋಕ್ತಿಯ ಅಪವರ್ತನ ಇವೆಲ್ಲ ವೇದಕಾಲದ ಭಾಷೆಯೇ ಅಲ್ಲವಷ್ಟೆ.

ಹಾಗಾದರೆ ಹೆವಿಸೈಡ್ ಎನ್ನುವವನು ಗೆದ್ದನೇ? ಅದೂ ಇಲ್ಲ. ಆಲಿವರ್ ಹೆವಿಸೈಡ್ (1850–1925) ಇಂಗ್ಲೆಂಡಿನವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಂತಿ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅದನ್ನೂ ಬಿಟ್ಟು ಮನೆಯಲ್ಲಿಯೇ ಕುಳಿತು ವಿದ್ಯುತ್ತಿನ ಗಣಿತವನ್ನು ಬೆಳೆಸಿದರು. ತಂತಿಯೊಂದರಲ್ಲಿ ವಿದ್ಯುತ್ ಒತ್ತಡವನ್ನು ತಟ್ಟನೆ ಹೂಡಿದಾಗ ಪ್ರವಾಹ ಹೇಗೆ ಏರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಅವರಿಗೆ ಇಂಥ ಭಿನ್ನರಾಶಿಗಳನ್ನು ಮತ್ತೆ ಮತ್ತೆ ಒಡೆಯಬೇಕಾಗುತ್ತಿತ್ತು. 1899ರಲ್ಲಿ ಪ್ರಕಟವಾದ 'ಎಲೆಕ್ಟ್ರೊಮ್ಯಾಗ್ನೆಟಿಕ್ ಥಿಯರಿ'ಯ ಎರಡನೆಯ ಸಂಪುಟದಲ್ಲಿ ಅವರ ವಿಸ್ತರಣ ಪ್ರಮೇಯವಿದೆ. ಇಂಜಿನಿಯರುಗಳು ಆ ಪ್ರಮೇಯವನ್ನು ದಿನನಿತ್ಯ ಬಳಸತೊಡಗಿದುದರಿಂದ ಅದರೊಳಗಿನ ಈ ಸಣ್ಣ ಉಪಾಯಕ್ಕೂ ಅವರ ಹೆಸರೇ ನಿಂತಿತು.

ಆದರೆ ಉಪಾಯವು ಅದಕ್ಕಿಂತ ಒಂದೂವರೆ ಶತಮಾನ ಹಳೆಯದು. ಅನುಕಲನಕ್ಕಾಗಿ ಭಿನ್ನರಾಶಿಗಳನ್ನು ಒಡೆಯುವ ವಿಚಾರವನ್ನು ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ 1702ರಲ್ಲಿಯೇ ಪ್ರಕಟಿಸಿದ್ದರು. 1748ರಲ್ಲಿ ಲಿಯೊನ್‌ಹಾರ್ಡ್ ಆಯ್ಲರ್ ತಮ್ಮ 'ಇಂಟ್ರೊಡಕ್ಟಿಯೋ' ಎಂಬ ಲ್ಯಾಟಿನ್ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಛೇದದಿಂದ ಒಂದು ಅಪವರ್ತನವನ್ನು ತೆಗೆದು, ಉಳಿದುದರಲ್ಲಿ ಆ ಅಪವರ್ತನವನ್ನು ಸೊನ್ನೆಯಾಗಿಸುವ ಬೆಲೆಯನ್ನು ಇಟ್ಟರೆ ಸಹಗುಣಕ ದೊರೆಯುತ್ತದೆಂದು ಕಾರಣಸಹಿತ ಬರೆದಿದ್ದಾರೆ. ಬೆರಳಿನಿಂದ ಮುಚ್ಚುವುದೊಂದೇ ಅಲ್ಲಿಲ್ಲ! 1755ರ ಅವರ ಅವಕಲನ ಗ್ರಂಥದಲ್ಲಿ ಇನ್ನೊಂದು ಹೆಜ್ಜೆಯೂ ಇದೆ: ಮುಚ್ಚುವ ಬದಲು ಛೇದವನ್ನೇ ಅವಕಲಿಸಬಹುದು. ನಮ್ಮ ಉದಾಹರಣೆಯ ಛೇದವನ್ನು ಗುಣಿಸಿದರೆ x³ − 7x + 6. ಇದರ ನಿಷ್ಪನ್ನ 3x² − 7. x ಗೆ 1, 2, −3 ಎಂಬ ಬೆಲೆಗಳನ್ನಿಟ್ಟರೆ −4, 5, 20 ಬರುತ್ತವೆ. ಮುಚ್ಚಿದಾಗ ಉಳಿದ ಛೇದಗಳೂ ಇವೇ ಆಗಿದ್ದವೆಂಬುದನ್ನು ಓದುಗರು ಗಮನಿಸಬೇಕು. ಹೆವಿಸೈಡರ ಪ್ರಮೇಯದಲ್ಲಿರುವುದು ಈ ನಿಷ್ಪನ್ನದ ರೂಪವೇ.

ಸ್ವಾಮಿಗಳು ಇಂಗ್ಲಿಷ್ ವಿದ್ಯಾಭ್ಯಾಸದಲ್ಲಿ ಗಣಿತವನ್ನು ಚೆನ್ನಾಗಿ ಓದಿದ್ದವರು. ಶೃಂಗೇರಿಯಲ್ಲಿ ಅವರು ಸ್ವತಂತ್ರವಾಗಿ ಈ ದಾರಿಯನ್ನು ಕಂಡಿದ್ದರೂ ಇರಬಹುದು. ಜಾಣ ವಿದ್ಯಾರ್ಥಿಗಳು ಅನೇಕರು ಹಾಗೆ ತಾವಾಗಿಯೇ ಕಂಡುಕೊಳ್ಳುವುದುಂಟು. ನನಗೆ ಆ ಗ್ರಂಥದ ಬಗ್ಗೆ ಇರುವ ತಕರಾರು ಹೆಸರಿನದಕ್ಕಿಂತ ಬೇರೆಯದು. ಅಲ್ಲಿನ ಒತ್ತೆಲ್ಲ ಉತ್ತರ ಎಷ್ಟು ಬೇಗ ಬಂತೆಂಬುದರ ಮೇಲಿದೆ. ಸೂತ್ರವನ್ನು ಮಂತ್ರದಂತೆ ಕಲಿತವನಿಗೆ ಅದು ಏಕೆ ಸರಿ, ಎಲ್ಲಿ ಕೈಕೊಡುತ್ತದೆ ಎಂಬ ಎರಡೂ ಸಂಗತಿಗಳು ಕಾಣದೆ ಹೋಗುತ್ತವೆ.

ಚುರುಕಾದ ವಿದ್ಯಾರ್ಥಿ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೇ ಇದು: 'ಸಾರ್, x = 1 ಆದರೆ ಮೂಲ ಭಿನ್ನರಾಶಿಗೆ ಬೆಲೆಯೇ ಇಲ್ಲ, ಸೊನ್ನೆಯಿಂದ ಭಾಗಿಸಿದಂತಾಯಿತು. ಬೆರಳಿನಿಂದ ಮುಚ್ಚಿದ ಮಾತ್ರಕ್ಕೆ ದೋಷ ಹೋಯಿತೇ?' ಪ್ರಶ್ನೆ ನ್ಯಾಯವಾದದ್ದು. ಮುಚ್ಚುವುದೆಂದರೆ ನಿಜವಾಗಿ ಎರಡೂ ಬದಿಗಳನ್ನು (x − 1) ರಿಂದ ಗುಣಿಸುವುದು. ಆಗ ಸಿಗುವುದು ಹೀಗಿದೆ:

(4x² − x + 1) / [(x − 2)(x + 3)] = A + (x − 1)[B/(x − 2) + C/(x + 3)]

ಇದು x = 1 ಅನ್ನು ಬಿಟ್ಟು, ಮೂಲಕ್ಕೆ ಅರ್ಥವಿರುವ ಬೆಲೆಗಳಿಗೆಲ್ಲ ನಿಜ. ಉಳಿದ ಛೇದಗಳನ್ನೂ ತೊಡೆದುಹಾಕಿದರೆ ಎರಡೂ ಬದಿಗಳಲ್ಲಿ ಎರಡನೆಯ ಘಾತವನ್ನು ಮೀರದ ಬಹುಪದೋಕ್ತಿಗಳು ಉಳಿಯುತ್ತವೆ. ಅಂಥ ಎರಡು ಬಹುಪದೋಕ್ತಿಗಳು ಮೂರು ಬೆಲೆಗಳಲ್ಲಿ ಸಮವಾದರೆ ಸಾಕು, ಅವು ಎಲ್ಲ ಕಡೆಯೂ ಸಮ. ಇಲ್ಲಂತೂ ಲೆಕ್ಕವಿಲ್ಲದಷ್ಟು ಬೆಲೆಗಳಲ್ಲಿ ಸಮವಾಗಿವೆ. ಆದುದರಿಂದ ನಾವು ಹೊರಗಿಟ್ಟಿದ್ದ x = 1 ರಲ್ಲಿಯೂ ಸಮವೇ. ಈ ಅಧಿಕಾರದ ಮೇಲೆ 1 ಅನ್ನು ಆದೇಶಿಸಿದರೆ ಬಲಗಡೆಯ ಎರಡನೆಯ ಪದ ಸೊನ್ನೆಯಾಗಿ A ಒಂದೇ ನಿಲ್ಲುತ್ತದೆ. ನಾವು ಎಲ್ಲಿಯೂ ಸೊನ್ನೆಯಿಂದ ಭಾಗಿಸಿಲ್ಲ.

ಈ ವಿವರಣೆ ಕೈಯಲ್ಲಿದ್ದರೆ ವಿಧಾನದ ಮಿತಿಗಳು ತಾವಾಗಿ ಕಾಣುತ್ತವೆ. 1/[(x − 1)²(x − 2)] ಎಂಬುದರಲ್ಲಿ ಒಂದು (x − 1) ಅನ್ನು ಮಾತ್ರ ಮುಚ್ಚಿದರೆ ಕೆಳಗೆ ಇನ್ನೊಂದು (x − 1) ಉಳಿದು ಸೊನ್ನೆ ಎದುರಾಗುತ್ತದೆ. ಪೂರ್ಣ ವರ್ಗವನ್ನು ಮುಚ್ಚಿದರೆ 1/(x − 1)² ರ ಸಹಗುಣಕ −1 ಸಿಗುತ್ತದೆ, (x − 2) ಅನ್ನು ಮುಚ್ಚಿದರೆ 1 ಸಿಗುತ್ತದೆ. ಆದರೆ 1/(x − 1) ರ ಸಹಗುಣಕ ಮುಚ್ಚುವುದರಿಂದ ಸಿಗದು. ಬೇರೆ ದಾರಿಯಿಂದ −1 ಎಂದು ಕಂಡುಕೊಳ್ಳಬೇಕು. ಅಪವರ್ತನಗಳೆಲ್ಲ ಬೇರೆಬೇರೆಯಾಗಿರಬೇಕೆಂಬ ನಿಬಂಧನೆ ಬಂದಿರುವುದು ಇದಕ್ಕಾಗಿಯೇ.

ಇನ್ನೊಂದು ತಪ್ಪು ಇದಕ್ಕಿಂತ ಕಪಟದ್ದು. x³/[(x − 1)(x − 2)] ಎಂಬುದನ್ನು ಮುಚ್ಚಿ ನೋಡಿದರೆ −1 ಮತ್ತು 8 ಎಂಬ ಉತ್ತರಗಳು ನಿರಾತಂಕವಾಗಿ ಬರುತ್ತವೆ. ಅವೆರಡೂ ಸರಿಯೇ! ಆದರೆ ಅಂಶದ ಘಾತ ಛೇದದ್ದಕ್ಕಿಂತ ಹೆಚ್ಚಾಗಿರುವುದರಿಂದ ಮೊದಲು ಭಾಗಾಕಾರ ಮಾಡಬೇಕಿತ್ತು. X + 3 ಎಂಬ ಭಾಗಲಬ್ಧ ಸದ್ದಿಲ್ಲದೆ ಕಳೆದುಹೋಗಿದೆ. ಇದನ್ನು ಪತ್ತೆ ಮಾಡಲು x = 0 ಇಟ್ಟು ನೋಡಿದರೆ ಸಾಕು. ಎಡಗಡೆ 0, ಬಲಗಡೆ 1 − 4 = −3. ಕಳೆದುಹೋದ 3 ಎಲ್ಲಿದೆಯೆಂದು ಆಗ ಗೊತ್ತಾಗುತ್ತದೆ.

ಛೇದದಲ್ಲಿ (2x − 1) ನಂಥ ಅಪವರ್ತನವಿದ್ದರೆ ಅದನ್ನು ಇಡಿಯಾಗಿ ಮುಚ್ಚಿ x = 1/2 ಇಡಬೇಕು. 3x/[(2x − 1)(x + 1)] ರಲ್ಲಿ ಹಾಗೆ ಮಾಡಿದರೆ 1/(2x − 1) + 1/(x + 1) ಬರುತ್ತದೆ. ಅರ್ಧವನ್ನು ಇಡುವ ಬದಲು 1 ಇಟ್ಟು ಕೆಡಿಸಿಕೊಳ್ಳುವವರೇ ಹೆಚ್ಚು.

ಪರೀಕ್ಷೆಯಲ್ಲಿ ಬರೆಯುವವರಿಗೆ ಒಂದು ಮಾತು. ಬೆರಳಿನಿಂದ ಮುಚ್ಚಿ ಬರೀ ಉತ್ತರ ಬರೆದರೆ ಹಂತಗಳ ಅಂಕ ಹೋದೀತು. ಛೇದಗಳನ್ನು ತೊಡೆದ ಸಾಲೊಂದನ್ನು, ಅಂದರೆ

4x² − x + 1 = A(x − 2)(x + 3) + B(x − 1)(x + 3) + C(x − 1)(x − 2)

ಎಂಬುದನ್ನು ಬರೆದು, 'x = 1 ಆದಾಗ 4 = −4A' ಎಂದು ಮುಂದುವರಿಯಿರಿ. ಕೊನೆಗೆ A + B + C ಅಂಶದ ಮೊದಲ ಸಹಗುಣಕಕ್ಕೆ ಸಮವೇ ಎಂದು ನೋಡಿಕೊಳ್ಳಿ. ನಮ್ಮ ಲೆಕ್ಕದಲ್ಲಿ −1 + 3 + 2 = 4, ಮೇಲಿರುವುದೂ 4x².